ರಾತ್ರಿ ಎರಡೂವರೆಗೆ ಓಡಿದ ಚೆಕ್‌ಗೆ ಪುರಾವೆ ಎಲ್ಲಿದೆ? ಆಡಿಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಆಡಿಟ್‌ಗೆ ಬೇಕಾದ ದಾಖಲೆಗಳನ್ನು ಜೋಡಿಸುವುದು ನನ್ನ ಕೆಲಸ. ಗ್ರಾಹಕರ ಮಾಹಿತಿಯನ್ನು ಕಂಪನಿ ಸುರಕ್ಷಿತವಾಗಿ ನೋಡಿಕೊಳ್ಳುತ್ತಿದೆಯಾ ಅಂತ ಹೊರಗಿನವರು ಪರೀಕ್ಷಿಸುವ ಸಾಕ್ 2 ಆಡಿಟ್ ವರ್ಷಕ್ಕೊಮ್ಮೆ ಹತ್ತಿರ ಬಂದಾಗ ಇಂಜಿನಿಯರ್‌ಗಳು, ಬೇರೆ ಕಂಪನಿಗಳಲ್ಲಿರುವ ಗೆಳೆಯರು, ಹೊಸದಾಗಿ ಈ ಕೆಲಸಕ್ಕೆ ಬಂದವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ.

ಎಲ್ಲ ಉತ್ತರಗಳಲ್ಲೂ ಒಂದೇ ಉದಾಹರಣೆ ಬರುತ್ತದೆ. ಪ್ರತಿ ರಾತ್ರಿ 2.30ಕ್ಕೆ ಒಂದು ಸ್ಕ್ರಿಪ್ಟ್ ಓಡುತ್ತದೆ, ಹೊತ್ತಿಗೆ ಸರಿಯಾಗಿ ಅದನ್ನು ಓಡಿಸುವುದು ಸರ್ವರ್‌ನ ಕ್ರಾನ್ ಅನ್ನುವ ವ್ಯವಸ್ಥೆ. ಎಚ್‌ಆರ್ ಪಟ್ಟಿಯಲ್ಲಿ ಕೆಲಸ ಬಿಟ್ಟವರು ಯಾರು ಅಂತ ನೋಡುತ್ತದೆ. ಅವರ ಲಾಗಿನ್ ಇನ್ನೂ ಚಾಲ್ತಿಯಲ್ಲಿದ್ದರೆ ಟಿಕೆಟ್ ತೆರೆಯುತ್ತದೆ, ಅದೇ ಒಂದು ಎಕ್ಸೆಪ್ಶನ್. ಆಡಿಟ್ ಭಾಷೆಯಲ್ಲಿ ಇಂಥ ಚೆಕ್ ಒಂದು ಕಂಟ್ರೋಲ್. ಇದಕ್ಕೆ `AC-07` ಅಂತ ಹೆಸರಿಟ್ಟುಕೊಳ್ಳೋಣ. ಆಡಿಟ್ ಅವಧಿ 2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರವರೆಗೆ, ಅಂದರೆ 365 ದಿನ.

## ಮೊದಮೊದಲ ಪ್ರಶ್ನೆಗಳು

ಕ್ರಾನ್ ಸೆಟ್ ಮಾಡಿದ್ದೀವಿ, ತಾನಾಗೇ ಓಡುತ್ತೆ. ಇನ್ನೇನು ಪುರಾವೆ ಬೇಕು?

ಕ್ರಾನ್‌ನಲ್ಲಿ ಬರೆದ ಸಾಲು ನೀವು ಏನು ಮಾಡಬೇಕು ಅಂದುಕೊಂಡಿದ್ದೀರಿ ಅನ್ನುವುದನ್ನು ಹೇಳುತ್ತದೆ. ಆ ಕೆಲಸ ಆಯಿತೋ ಇಲ್ಲವೋ ಅದು ಹೇಳುವುದಿಲ್ಲ. ಆಡಿಟರ್‌ಗೆ ಬೇಕಾಗಿರುವುದು ಎರಡನೆಯದು.

ರಾತ್ರಿ ಗಸ್ತಿನ ಪೊಲೀಸರು ಸಹಿ ಹಾಕುವ ಬೀಟ್ ಪುಸ್ತಕ ನೋಡಿರುತ್ತೀರಿ, ಎಟಿಎಂ ಪಕ್ಕದಲ್ಲೋ ದೇವಸ್ಥಾನದ ಗೋಡೆಯಲ್ಲೋ ತೂಗುಹಾಕಿರುತ್ತಾರೆ. ಅದರಲ್ಲಿ ಎಲ್ಲ ತಾರೀಖುಗಳನ್ನೂ ಮೊದಲೇ ಬರೆದಿಟ್ಟರೆ, ಒಂದು ರಾತ್ರಿ ಯಾರೂ ಬರದಿದ್ದರೆ ಆ ಸಾಲು ಖಾಲಿ ಉಳಿದು ಎದ್ದು ಕಾಣುತ್ತದೆ. ಬಂದವರು ಬಂದಾಗ ಮಾತ್ರ ತಾರೀಖು ಬರೆದು ಸಹಿ ಹಾಕಿದರೆ, ಬರದ ರಾತ್ರಿಯ ಗುರುತೇ ಇರುವುದಿಲ್ಲ. ಬಹಳಷ್ಟು ಕಂಪನಿಗಳ ಲಾಗ್ ಈ ಎರಡನೇ ಥರದ್ದು. ಓಡಿದ್ದು ಮಾತ್ರ ದಾಖಲಾಗುತ್ತದೆ, ಓಡದೇ ಇದ್ದದ್ದು ಸುಮ್ನೆ ಮಾಯವಾಗುತ್ತದೆ. ಕೆಳಗೆ ಬರುವ ಹೆಚ್ಚಿನ ಮಾತುಗಳು ಆ ಖಾಲಿ ಸಾಲನ್ನು ಕಾಣಿಸುವುದು ಹೇಗೆ ಅನ್ನುವುದರ ಬಗ್ಗೆಯೇ.

ಟೈಪ್ 1 ಆಡಿಟ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ಸಾಕಾಗಿತ್ತು. ಟೈಪ್ 2ಗೆ ಯಾಕೆ ಇಡೀ ವರ್ಷದ್ದು ಕೇಳ್ತಾರೆ?

ಟೈಪ್ 1 ವರದಿ ಒಂದು ದಿನದ ಚಿತ್ರ. ಆ ತಾರೀಖಿನಂದು ಕಂಟ್ರೋಲ್ ಇತ್ತು, ಅದರ ರಚನೆ ಸರಿಯಾಗಿತ್ತು ಅಂತ ಹೇಳುತ್ತದೆ. ಟೈಪ್ 2 ಒಂದು ಅವಧಿಯ ಬಗ್ಗೆ ಮಾತಾಡುತ್ತದೆ. ಸಾಮಾನ್ಯವಾಗಿ 3ರಿಂದ 12 ತಿಂಗಳ ಅವಧಿ, ಅಷ್ಟೂ ದಿನ ಕಂಟ್ರೋಲ್ ಕೆಲಸ ಮಾಡಿತಾ ಅನ್ನುವುದು ಪ್ರಶ್ನೆ. ಹಾಗಾಗಿ ಮಾರ್ಚ್ ಕೊನೆಯಲ್ಲಿ ತೆಗೆದ ಸ್ಕ್ರೀನ್‌ಶಾಟ್ ಜೂನ್ ಬಗ್ಗೆ ಏನೂ ಹೇಳುವುದಿಲ್ಲ. ಜೂನ್‌ನ ಪುರಾವೆ ಜೂನ್‌ನಲ್ಲೇ ಹುಟ್ಟಿರಬೇಕು.

ಸಿಸ್‌ಲಾಗ್‌ನಲ್ಲಿ ಎಲ್ಲ ಇದೆಯಲ್ಲ, ಅದನ್ನೇ ಕೊಟ್ಟರೆ ಆಗಲ್ವಾ?

ಮೊದಲು ಸರ್ವರ್ ತಾನೇ ಬರೆದಿಡುವ ಸಿಸ್‌ಲಾಗ್‌ನ ಒಂದು ಸಾಲನ್ನು ಹತ್ತಿರದಿಂದ ನೋಡೋಣ.

```
Nov 12 02:30:01 ops-02 CRON[48213]: (svc_audit) CMD (/opt/checks/ac07.sh)
```

ಇದು ಹೇಳುವುದು ಇಷ್ಟೇ: 2.30ಕ್ಕೆ `ac07.sh` ಅನ್ನು ಶುರು ಮಾಡಲಾಯಿತು. ಮುಗಿಯಿತಾ, ಮಧ್ಯದಲ್ಲಿ ಬಿತ್ತಾ, ಎಷ್ಟು ಜನರನ್ನು ನೋಡಿತು, ಒಂದೂ ಇಲ್ಲ. ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲೇ ತಪ್ಪಿದ್ದರೂ ಸಿಸ್‌ಲಾಗ್‌ನಲ್ಲಿ ಇದೇ ಸಾಲು ಬರುತ್ತದೆ. ವರ್ಷವನ್ನೂ ಅದು ಬರೆದಿಲ್ಲ, ಗಮನಿಸಿದಿರಾ?

ಎರಡನೇ ತೊಂದರೆ ಇನ್ನೂ ದೊಡ್ಡದು. ಉಬುಂಟು 22.04ರಲ್ಲಿ ಸಿಸ್‌ಲಾಗ್ ಫೈಲನ್ನು ವಾರಕ್ಕೊಮ್ಮೆ ತಿರುಗಿಸಿ, ನಾಲ್ಕು ಹಳೆಯ ಫೈಲ್ ಮಾತ್ರ ಇಟ್ಟುಕೊಳ್ಳುವ ಹಾಗೆ ಮೊದಲೇ ಹೊಂದಿಸಿರುತ್ತಾರೆ. ನೀವು ಮುಟ್ಟದಿದ್ದರೆ ಐದಾರು ವಾರದ ಹಿಂದಿನದು ಇರುವುದೇ ಇಲ್ಲ. ಆಡಿಟರ್ ಏಪ್ರಿಲ್ ಕೊನೆಗೆ ಬಂದು ಕಳೆದ ಜುಲೈನದನ್ನು ಕೇಳುತ್ತಾರೆ. ಈ ಸಂಗತಿ ಆಡಿಟ್ ವಾರದಲ್ಲಿ ಗೊತ್ತಾಗುವುದು ಎಷ್ಟು ಕಂಪನಿಗಳಲ್ಲೋ!

## ದಾಖಲೆ ಬರೆಯುವ ಬಗ್ಗೆ

ಹಾಗಾದರೆ ಪ್ರತಿ ರನ್‌ಗೆ ಏನೇನು ಬರೆದಿಡಬೇಕು?

ಜಾಸ್ತಿ ಬೇಡ. ಸ್ಕ್ರಿಪ್ಟ್ ಮುಗಿಯುವಾಗ ಒಂದು ಚಿಕ್ಕ ದಾಖಲೆ ಬರೆದರೆ ಸಾಕು.

```json
{
  "control_id": "AC-07",
  "due_at": "2024-11-12T02:30:00+05:30",
  "started_at": "2024-11-12T02:30:02+05:30",
  "ended_at": "2024-11-12T02:31:19+05:30",
  "code_version": "9f3c2ab",
  "hr_rows": 412,
  "account_rows": 268,
  "exceptions": 1,
  "exit_code": 0
}
```

ಇದರಲ್ಲಿ ಜನ ಮರೆಯುವುದು ಎರಡನ್ನು. ಒಂದು `due_at`. ಯಾವಾಗ ಓಡಿತು ಅನ್ನುವುದರ ಜೊತೆಗೆ ಯಾವಾಗ ಓಡಬೇಕಿತ್ತು ಅನ್ನುವುದೂ ಇದ್ದರೆ ಮಾತ್ರ ತಡವಾದದ್ದು ಗೊತ್ತಾಗುತ್ತದೆ. ಇನ್ನೊಂದು `hr_rows` ಮತ್ತು `account_rows`, ಅಂದರೆ ಒಳಗೆ ಎಷ್ಟು ಸಾಲು ಬಂತು ಅನ್ನುವ ಲೆಕ್ಕ. ಇದು ಯಾಕೆ ಜೀವಾಳ ಅಂತ ಖಾಲಿ ಫೈಲಿನ ಪ್ರಶ್ನೆಯಲ್ಲಿ ಹೇಳುತ್ತೇನೆ.

`code_version` ಇರುವುದು ಆಡಿಟರ್‌ನ ಇನ್ನೊಂದು ಪ್ರಶ್ನೆಗೆ: ಆ ರಾತ್ರಿ ಓಡಿದ್ದು ನೀವು ನನಗೆ ತೋರಿಸುತ್ತಿರುವ ಸ್ಕ್ರಿಪ್ಟೇನಾ? ಗಿಟ್‌ನ ಕಮಿಟ್ ಸಂಖ್ಯೆ ಅದಕ್ಕೆ ಉತ್ತರ.

ಯಾರ ಲಾಗಿನ್ ಬಗ್ಗೆ ಟಿಕೆಟ್ ತೆರೆಯಿತೋ ಅವರ ಹೆಸರು, ಇಮೇಲ್ ಇಲ್ಲಿ ಬೇಡ. ಉದ್ಯೋಗಿ ಸಂಖ್ಯೆ ಮತ್ತು ಟಿಕೆಟ್ ಸಂಖ್ಯೆಯನ್ನು ಪಕ್ಕದ ಇನ್ನೊಂದು ಫೈಲಿನಲ್ಲಿಟ್ಟರೆ ಸಾಕು. ಎರಡು ವರ್ಷ ಅಳಿಸಲಾಗದ ಹಾಗೆ ಇಡುವ ಜಾಗದಲ್ಲಿ ಜನರ ವೈಯಕ್ತಿಕ ವಿವರ ತುಂಬುವುದು ಬೇರೆಯೇ ತಲೆನೋವು.

ಎಕ್ಸೆಪ್ಶನ್ ಸೊನ್ನೆ ಬಂದ ದಿನಾನೂ ದಾಖಲೆ ಬೇಕಾ?

ಬೇಕು. ತಪ್ಪು ಸಿಕ್ಕಾಗ ಮಾತ್ರ ಮೇಲ್ ಕಳಿಸುವ ಸ್ಕ್ರಿಪ್ಟ್‌ಗಳು ತುಂಬಾ ಇವೆ. ಅದರಲ್ಲಿ ಮೇಲ್ ಬರದ ದಿನಕ್ಕೆ ಎರಡು ಅರ್ಥ: ಎಲ್ಲ ಸರಿಯಿತ್ತು, ಇಲ್ಲವೇ ಸ್ಕ್ರಿಪ್ಟ್ ಸತ್ತಿತ್ತು. ಹೊರಗಿನವರಿಗೆ ಎರಡೂ ಒಂದೇ ಥರ ಕಾಣುತ್ತದೆ.

ಸ್ಕ್ರಿಪ್ಟ್ ಫೇಲ್ ಆಗಿರೋದು ಕಣ್ಣಿಗೆ ಕಾಣ್ತಿದೆ. ಆದರೆ ಎಕ್ಸಿಟ್ ಕೋಡ್ 0 ಅಂತ ಬಿದ್ದಿದೆ. ಹೇಗೆ ಸಾಧ್ಯ?

ಸ್ಕ್ರಿಪ್ಟ್ ಒಳಗೆ ಇಂಥ ಒಂದು ಸಾಲು ಇದೆಯಾ ನೋಡಿ.

```bash
python3 compare.py | tee /var/log/ac07.log
```

ಬ್ಯಾಶ್ ಪೈಪ್‌ನ ಕೊನೆಯ ಆಜ್ಞೆಯ ಫಲಿತಾಂಶವನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳುತ್ತದೆ. `compare.py` ಬಿದ್ದುಹೋದರೂ `tee` ತನ್ನ ಕೆಲಸ ಮಾಡಿ 0, ಅಂದರೆ ಸರಿಯಾಗಿ ಮುಗಿಯಿತು, ಅಂತ ಕೊಡುತ್ತದೆ. ಸ್ಕ್ರಿಪ್ಟ್‌ನ ಮೇಲ್ಭಾಗದಲ್ಲಿ ಇದನ್ನು ಹಾಕಿದರೆ ಸರಿಹೋಗುತ್ತದೆ.

```bash
set -euo pipefail
```

ಹಾಕಿದ ಮೇಲೆ ಒಂದು ಸಲ ಬೇಕಂತಲೇ ಕೆಡಿಸಿ ನೋಡಿ. ಟೆಸ್ಟ್ ಸರ್ವರ್‌ನಲ್ಲಿ ಎಚ್‌ಆರ್ ಫೈಲಿನ ಹೆಸರು ಬದಲಿಸಿ ಓಡಿಸಿ, ದಾಖಲೆಯಲ್ಲಿ 0 ಅಲ್ಲದ ಸಂಖ್ಯೆ ಬರುತ್ತಾ ಅಂತ. ಒಂದು ಎಚ್ಚರಿಕೆ: ಈ ಸಾಲು ಹಾಕಿದ ಮೇಲೆ ಸ್ಕ್ರಿಪ್ಟ್ ಮಧ್ಯದಲ್ಲೇ ನಿಲ್ಲುತ್ತದೆ, ಆಗ ಕೊನೆಯಲ್ಲಿ ದಾಖಲೆ ಬರೆಯುವ ಭಾಗಕ್ಕೆ ಬರುವುದೇ ಇಲ್ಲ. ಅದಕ್ಕೆ ದಾಖಲೆ ಬರೆಯುವುದನ್ನು `trap ... EXIT` ಒಳಗಿಡಿ. ಬಿದ್ದರೂ ಬಿದ್ದೆ ಅಂತ ಬರೆದು ಹೋಗುತ್ತದೆ.

"ಸಮಯಕ್ಕೆ ಸರಿಯಾಗಿ" ಅಂದರೆ ಎಷ್ಟು ನಿಮಿಷ? ಎರಡು ನಿಮಿಷ ತಡವಾದರೆ ತಪ್ಪಾ?

ಅದನ್ನು ತೀರ್ಮಾನಿಸುವವರು ನೀವೇ, ಕಂಟ್ರೋಲ್‌ನ ವಿವರಣೆ ಬರೆಯುವಾಗ. ಆಡಿಟರ್ ನಿಮ್ಮ ವಾಕ್ಯವನ್ನೇ ಹಿಡಿದು ಪರೀಕ್ಷೆ ಮಾಡುತ್ತಾರೆ. "ಪ್ರತಿದಿನ 2.30ಕ್ಕೆ ಓಡುತ್ತದೆ" ಅಂತ ಬರೆದರೆ 2.50ಕ್ಕೆ ಓಡಿದ್ದೂ ಪ್ರಶ್ನೆಯಾಗುತ್ತದೆ. "ಪ್ರತಿದಿನ ಬೆಳಿಗ್ಗೆ 6ರ ಒಳಗೆ ಮುಗಿಯುತ್ತದೆ" ಅಂತ ಬರೆದರೆ ಉಸಿರಾಡಲು ಜಾಗ ಇರುತ್ತದೆ, ಕಚೇರಿ ತೆರೆಯುವ ಮೊದಲು ಫಲಿತಾಂಶ ಇರಬೇಕು ಅನ್ನುವ ಉದ್ದೇಶವೂ ಕೆಡುವುದಿಲ್ಲ.

"ಪ್ರತಿದಿನ" ಅನ್ನುವ ಪದದ ಮೇಲೂ ಕಣ್ಣಿರಲಿ. ನಿಮ್ಮ ಚೆಕ್ ಸೋಮವಾರದಿಂದ ಶುಕ್ರವಾರದವರೆಗೆ ಮಾತ್ರ ಓಡುವುದಾದರೆ "ಪ್ರತಿ ಕೆಲಸದ ದಿನ" ಅಂತಲೇ ಬರೆಯಿರಿ. ಇಲ್ಲದಿದ್ದರೆ ವರ್ಷದ ಶನಿವಾರ ಭಾನುವಾರಗಳೆಲ್ಲ ತಪ್ಪಿದ ದಿನಗಳ ಲೆಕ್ಕಕ್ಕೆ ಸೇರುತ್ತವೆ.

ಆಡಿಟರ್ ಕೇಳಿದ ತಾರೀಖಿನ ಫೈಲೇ ಇಲ್ಲ. ಆದರೆ ಚೆಕ್ ಓಡಿದೆ ಅಂತ ನಂಗೊತ್ತು. ಇದೇನು ಕಥೆ?

ಸರ್ವರ್‌ನ ಗಡಿಯಾರ ಬಹುಶಃ ಯುಟಿಸಿಯಲ್ಲಿದೆ. ಕ್ಲೌಡ್ ಸರ್ವರ್‌ಗಳು ಸಾಮಾನ್ಯವಾಗಿ ಹಾಗೇ ಬರುತ್ತವೆ. ನಮ್ಮ ರಾತ್ರಿ 2.30 ಅಂದರೆ ಯುಟಿಸಿಯಲ್ಲಿ ಹಿಂದಿನ ದಿನದ ರಾತ್ರಿ 9 ಗಂಟೆ. ಹಾಗಾಗಿ ಕ್ರಾನ್‌ನಲ್ಲಿ `0 21 * * *` ಅಂತ ಇರುತ್ತದೆ. ಫೈಲಿಗೆ `date +%F` ಬಳಸಿ ಹೆಸರಿಟ್ಟಿದ್ದರೆ ನವೆಂಬರ್ 12ರ ಚೆಕ್ `2024-11-11` ಅನ್ನುವ ಹೆಸರಲ್ಲಿ ಕೂತಿರುತ್ತದೆ.

ನಡುವಿನ ದಿನಗಳಲ್ಲಿ ಇದು ಬರೀ ಗೊಂದಲ. ಅವಧಿಯ ಅಂಚಿನಲ್ಲಿ ನಿಜವಾದ ತೊಂದರೆ: ಏಪ್ರಿಲ್ 1ರ ಚೆಕ್ ಮಾರ್ಚ್ 31ರ ಹೆಸರಲ್ಲಿರುತ್ತದೆ, ಅಂದರೆ ಅವಧಿಯ ಹೊರಗೆ ಬೀಳುತ್ತದೆ. ಫೈಲಿನ ಹೆಸರಿಗೆ `TZ=Asia/Kolkata date +%F` ಬಳಸಿ. ದಾಖಲೆಯ ಒಳಗೆ ಸಮಯದ ಕೊನೆಗೆ `+05:30` ಇರಲೇಬೇಕು. ಹಳೆಯ ಫೈಲುಗಳ ಹೆಸರು ಬದಲಿಸಲು ಮಾತ್ರ ಹೋಗಬೇಡಿ. ಅರ್ಧ ಪುಟದ ವಿವರಣೆ ಬರೆದುಕೊಡಿ, ಆಡಿಟರ್‌ಗೆ ಅರ್ಥವಾಗುತ್ತದೆ. ಹೆಸರು ಬದಲಿಸಿದ ಫೈಲು ಕಂಡರೆ ಅವರಿಗೆ ಬೇರೆ ಅನುಮಾನ ಶುರುವಾಗುತ್ತದೆ.

## ಉಳಿಸಿಡುವ ಬಗ್ಗೆ

ನಮ್ಮದು ಕುಬರ್ನೆಟೀಸ್, ಕೆಲವು ಗಿಟ್‌ಹಬ್ ಆಕ್ಷನ್ಸ್‌ನಲ್ಲಿವೆ. ಅಲ್ಲೇ ಇತಿಹಾಸ ಇರುತ್ತಲ್ಲ?

ಇರುತ್ತದೆ, ಆದರೆ ಆಡಿಟ್‌ಗೆ ಸಾಲುವಷ್ಟು ಇರುವುದಿಲ್ಲ. ಕುಬರ್ನೆಟೀಸ್‌ನ ಕ್ರಾನ್‌ಜಾಬ್‌ನಲ್ಲಿ `successfulJobsHistoryLimit` ನೀವೇನೂ ಹೇಳದಿದ್ದರೆ 3, `failedJobsHistoryLimit` 1. ಅಂದರೆ ದಿನಕ್ಕೊಮ್ಮೆ ಓಡುವ ಚೆಕ್‌ಗೆ ಮೂರು ದಿನದ ನೆನಪು, ಕೊನೆಯ ಒಂದು ಸೋಲಿನ ನೆನಪು. ಗಿಟ್‌ಹಬ್ ಆಕ್ಷನ್ಸ್‌ನ ಲಾಗ್ ಹಾಗೇ ಬಿಟ್ಟರೆ 90 ದಿನ ಇರುತ್ತದೆ. ಖಾಸಗಿ ರೆಪೊಗಳಲ್ಲಿ 400 ದಿನದವರೆಗೆ ಹೆಚ್ಚಿಸಬಹುದು.

ಗಿಟ್‌ಹಬ್‌ನಲ್ಲಿ ಇನ್ನೊಂದು ಮಾತು. ಗಂಟೆ ಸರಿಯಾಗಿ ಹೊಡೆಯುವ ಹೊತ್ತಿಗೆ ಅಲ್ಲಿ ದಟ್ಟಣೆ ಜಾಸ್ತಿ, ವೇಳಾಪಟ್ಟಿಯ ಕೆಲಸ ತಡವಾಗಬಹುದು, ಕೆಲವೊಮ್ಮೆ ಬಿಟ್ಟೇಹೋಗಬಹುದು ಅಂತ ಅವರೇ ತಿಳಿಸಿದ್ದಾರೆ. ಕಂಟ್ರೋಲ್‌ಗೆ ಅದನ್ನು ಬಳಸುವುದಾದರೆ `0 21` ಬದಲು `17 21` ಅನ್ನುವಂಥ ಅಡ್ಡಾದಿಡ್ಡಿ ನಿಮಿಷ ಆರಿಸಿಕೊಳ್ಳಿ.

ಯಾವ ಸಾಧನವೇ ಇರಲಿ, ಮೇಲೆ ತೋರಿಸಿದ ಚಿಕ್ಕ ದಾಖಲೆಯನ್ನು ಸ್ಕ್ರಿಪ್ಟ್ ತಾನೇ ಹೊರಗೆ ಬರೆಯಬೇಕು. ಸಾಧನದ ಇತಿಹಾಸವನ್ನು ನಂಬಿ ಕೂರುವುದು ಬೇಡ.

ಎಷ್ಟು ದಿನ ಇಟ್ಟುಕೊಳ್ಳಬೇಕು?

ಒಂದೇ ಉತ್ತರ ಇಲ್ಲ, ಯಾವ ನಿಯಮ ನಿಮಗೆ ಅನ್ವಯಿಸುತ್ತದೆ ನೋಡಿ. ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಸಿಸ್ಟಂ ಲಾಗ್‌ಗಳನ್ನು 180 ದಿನ ಇಡಬೇಕು ಅಂತಿದೆ. ಕಾರ್ಡ್ ಮಾಹಿತಿ ಮುಟ್ಟುವವರಿಗೆ ಪಿಸಿಐ ಡಿಎಸ್‌ಎಸ್ ಪ್ರಕಾರ ಆಡಿಟ್ ಲಾಗ್ 12 ತಿಂಗಳು ಇರಬೇಕು, ಅದರಲ್ಲಿ ಹತ್ತಿರದ ಮೂರು ತಿಂಗಳದ್ದು ಕೈಗೆ ತಕ್ಷಣ ಸಿಗಬೇಕು.

ಆದರೆ ಸಾಕ್ 2 ಟೈಪ್ 2ಗೆ 12 ತಿಂಗಳು ಅಂತ ಇಟ್ಟರೆ ಸಿಕ್ಕಿಬೀಳುತ್ತೀರಿ. ಅವಧಿ ಮುಗಿದ ಮೇಲೆ ಆಡಿಟರ್ ಬಂದು, ಸ್ಯಾಂಪಲ್ ಆರಿಸಿ, ಪ್ರಶ್ನೆ ಕೇಳಿ ಮುಗಿಸಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಅಷ್ಟರಲ್ಲಿ ಅವಧಿಯ ಮೊದಲ ತಿಂಗಳುಗಳು ಅಳಿಸಿಹೋಗಿರುತ್ತವೆ. ನಾನು ಎರಡು ವರ್ಷ ಇಡುತ್ತೇನೆ. ಒಂದು ದಾಖಲೆ ಅರ್ಧ ಕಿಲೋಬೈಟ್ ಕೂಡ ಇಲ್ಲ, ವರ್ಷದ 365 ದಾಖಲೆ ಸೇರಿದರೂ ಮೊಬೈಲಿನ ಒಂದು ಫೋಟೋಗಿಂತ ಚಿಕ್ಕದು. ಜಾಗದ ನೆಪ ಹೇಳುವ ಹಾಗಿಲ್ಲ.

ದಾಖಲೆಯನ್ನು ನಾವು ಆಮೇಲೆ ತಿದ್ದಿಲ್ಲ ಅಂತ ಹೇಗೆ ತೋರಿಸೋದು?

ಬೇಲಿಯೇ ಎದ್ದು ಹೊಲ ಮೇಯುವ ಭಯ ಇದು. ಸ್ಕ್ರಿಪ್ಟ್ ಬರೆದವರೇ ದಾಖಲೆಯನ್ನೂ ಅಳಿಸಬಲ್ಲರು ಅಂದರೆ ಆಡಿಟರ್ ಆ ದಾಖಲೆಗೆ ಕಡಿಮೆ ಬೆಲೆ ಕೊಡುತ್ತಾರೆ. ಅದಕ್ಕೆ ದಾಖಲೆಯನ್ನು ಬೇರೆ ಕ್ಲೌಡ್ ಅಕೌಂಟಿಗೆ ಕಳಿಸಿ. ಸ್ಕ್ರಿಪ್ಟ್ ಓಡುವ ಖಾತೆಗೆ ಅಲ್ಲಿ ಬರೆಯುವ ಹಕ್ಕು ಮಾತ್ರ ಇರಲಿ, ಅಳಿಸುವ ಹಕ್ಕು ಬೇಡ.

ಎಡಬ್ಲ್ಯುಎಸ್‌ನ ಎಸ್3ಯಲ್ಲಿ ಆಬ್ಜೆಕ್ಟ್ ಲಾಕ್ ಇದೆ, ಎರಡು ಬಗೆ. ಗವರ್ನೆನ್ಸ್ ಮೋಡ್‌ನಲ್ಲಿ ವಿಶೇಷ ಅನುಮತಿ ಇದ್ದವರು ಬೀಗ ದಾಟಬಹುದು. ಕಂಪ್ಲಯನ್ಸ್ ಮೋಡ್‌ನಲ್ಲಿ ಅವಧಿ ಮುಗಿಯುವವರೆಗೆ ರೂಟ್ ಖಾತೆಯವರೂ ಅಳಿಸಲಾರರು. ಎರಡನೆಯದನ್ನು ಹಾಕುವ ಮುಂಚೆ ಒಂದು ದಿನದ ಅವಧಿ ಇಟ್ಟು ಪ್ರಯೋಗ ಮಾಡಿ. ಕೈತಪ್ಪಿ ಹತ್ತು ವರ್ಷ ಅಂತ ಹಾಕಿಬಿಟ್ಟರೆ ಹತ್ತು ವರ್ಷವೂ ಅದಕ್ಕೆ ಬಿಲ್ ಕಟ್ಟುತ್ತಾ ಕೂರಬೇಕು.

## ತಪ್ಪಿಹೋದ ದಿನಗಳ ಬಗ್ಗೆ

ಆಡಿಟರ್ "ಪಾಪ್ಯುಲೇಶನ್ ಪೂರ್ತಿ ಇದೆ ಅಂತ ತೋರಿಸಿ" ಅಂತಾರೆ. ಎಲ್ಲ ಫೈಲ್ ಕೊಟ್ಟಾಯ್ತಲ್ಲ?

ಪಾಪ್ಯುಲೇಶನ್ ಅಂದರೆ ಸ್ಯಾಂಪಲ್ ಆರಿಸಲು ಬಳಸುವ ಪೂರ್ತಿ ಪಟ್ಟಿ. ನೀವು ಕೊಟ್ಟ ಎಲ್ಲ ಫೈಲ್ ಅಂದರೆ ಇರುವ ಎಲ್ಲ ಫೈಲ್. ಇರಬೇಕಾದ ಎಲ್ಲ ಅಲ್ಲ. ಲಾಗ್‌ನಿಂದಲೇ ಪಟ್ಟಿ ತಯಾರಿಸಿದರೆ ಓಡದ ದಿನ ಪಟ್ಟಿಯಲ್ಲೇ ಬರುವುದಿಲ್ಲ. ಆಡಿಟರ್ ಆ ಪಟ್ಟಿಯಿಂದ ಸ್ಯಾಂಪಲ್ ಆರಿಸಿದರೆ ತಪ್ಪಿದ ದಿನ ಎಂದಿಗೂ ಅವರ ಕೈಗೆ ಸಿಗುವುದಿಲ್ಲ. ಅವರಿಗೂ ಈ ಆಟ ಗೊತ್ತು, ಅದಕ್ಕೇ ಕೇಳುತ್ತಾರೆ.

ತಾರೀಖುಗಳು ಕ್ಯಾಲೆಂಡರಿನಿಂದ ಬರಬೇಕು, ದಾಖಲೆಗಳು ಅದಕ್ಕೆ ಅಂಟಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಹೀಗೆ:

```sql
SELECT d::date AS due_date, r.started_at, r.hr_rows, r.exit_code
FROM generate_series('2024-04-01'::timestamp,
                     '2025-03-31'::timestamp, '1 day') AS d
LEFT JOIN runs r
  ON r.control_id = 'AC-07' AND r.due_date = d::date
ORDER BY 1;
```

ಓಡಿದರೂ ಓಡದಿದ್ದರೂ ದಿನಕ್ಕೊಂದು ಸಾಲು, ಒಟ್ಟು 365. ಇದರಲ್ಲಿ `due_date` ಭಾರತದ ಸಮಯದ ತಾರೀಖು. ತಪ್ಪಿದ ದಿನದ ಮುಂದೆ ಖಾಲಿ ಜಾಗ. ಈ ಕ್ವೆರಿಯನ್ನೂ ಅದರ ಫಲಿತಾಂಶವನ್ನೂ ಒಟ್ಟಿಗೆ ಕೊಡಿ. ಪಟ್ಟಿ ಹೇಗೆ ಹುಟ್ಟಿತು ಅಂತ ಗೊತ್ತಾಗದಿದ್ದರೆ ಪಟ್ಟಿಯನ್ನೂ ಅವರು ನಂಬುವ ಹಾಗಿಲ್ಲ.

ನಮ್ಮ ಪಟ್ಟಿಯಲ್ಲಿ ನಾಲ್ಕು ದಿನ ಖಾಲಿ ಬಂದಿದೆ. ಈಗ ಏನು ಮಾಡಲಿ?

ಗಾಬರಿ ಬೇಡ. ಪ್ರತಿ ಖಾಲಿ ಸಾಲನ್ನೂ ಬೇರೆ ಬೇರೆಯಾಗಿ ನೋಡಿ, ಎಲ್ಲಕ್ಕೂ ಒಂದೇ ಕಾರಣ ಇರುವುದಿಲ್ಲ. ಒಂದು ವರ್ಷದ ಲೆಕ್ಕವನ್ನು ಬಿಡಿಸಿ ತೋರಿಸುತ್ತೇನೆ.

ಮೊದಲ ಖಾಲಿ ಸಾಲು 2024ರ ಏಪ್ರಿಲ್ 1. ಗಿಟ್ ನೋಡಿದರೆ ಸ್ಕ್ರಿಪ್ಟ್ ಪ್ರೊಡಕ್ಷನ್‌ಗೆ ಹೋದದ್ದೇ ಏಪ್ರಿಲ್ 1ರ ಸಂಜೆ. ಅಂದರೆ ಮೊದಲ ರಾತ್ರಿ ಕಂಟ್ರೋಲೇ ಇರಲಿಲ್ಲ. ಇದನ್ನು ಓಡುವುದು ತಪ್ಪಿತು ಅನ್ನುವುದಕ್ಕಿಂತ ವಿವರಣೆಯಲ್ಲಿ "ಏಪ್ರಿಲ್ 2ರಿಂದ" ಅಂತ ಬರೆಯುವುದು ಸರಿ.

ನಂತರ ಸೆಪ್ಟೆಂಬರ್ 14 ಮತ್ತು 15, ಶನಿವಾರ, ಭಾನುವಾರ. ಶುಕ್ರವಾರ ರಾತ್ರಿ ಡಿಸ್ಕ್ ಬದಲಿಸಲು ಸರ್ವರ್ ಆಫ್ ಮಾಡಿದ್ದರು, ಭಾನುವಾರ ಮಧ್ಯಾಹ್ನ ಎದ್ದಿತು. ಕ್ರಾನ್‌ಗೆ ಹಳೆಯ ಬಾಕಿ ನೆನಪಿರುವುದಿಲ್ಲ. ಮೆಷಿನ್ ಮಲಗಿದ್ದಾಗ ತಪ್ಪಿದ ಕೆಲಸವನ್ನು ಎದ್ದ ಮೇಲೆ ಮಾಡುವುದಿಲ್ಲ. ಸಿಸ್ಟಂಡಿ ಟೈಮರ್‌ನಲ್ಲಿ `Persistent=true` ಅಂತ ಹಾಕಿದ್ದರೆ ಎದ್ದ ಕೂಡಲೇ ಒಂದು ಸಲ ಓಡುತ್ತಿತ್ತು. ಎರಡು ದಿನ ತಪ್ಪಿದ್ದರೂ ಓಡುವುದು ಒಂದೇ ಸಲ ಅನ್ನುವುದು ನೆನಪಿರಲಿ.

ನಾಲ್ಕನೆಯದು ಡಿಸೆಂಬರ್ 2. ಲಾಗ್ ಸರ್ವರ್‌ನಲ್ಲಿ ಕ್ರಾನ್ ಶುರುವಾದ ಸಾಲು ಇದೆ, ಫಲಿತಾಂಶದ ದಾಖಲೆ ಇಲ್ಲ. ಡಿಸ್ಕ್ ತುಂಬಿತ್ತು. ಚೆಕ್ ಪೂರ್ತಿ ಓಡಿರಲೂಬಹುದು, ಆದರೆ ತೋರಿಸಲು ಏನೂ ಇಲ್ಲ. ಇದನ್ನು ಓಡಿಲ್ಲ ಅಂತಲೇ ಎಣಿಸಿ. ವಾದ ಮಾಡಿ ಉಳಿಸಿಕೊಳ್ಳುವಂಥದ್ದಲ್ಲ.

ಇನ್ನು ಇದರ ಪರಿಣಾಮ ಏನು ಅಂತ ಹೇಳಬೇಕು. ಇಲ್ಲಿ ಈ ಚೆಕ್‌ನ ಸ್ವಭಾವ ನಮ್ಮ ಸಹಾಯಕ್ಕೆ ಬರುತ್ತದೆ. ಅದು ಪ್ರತಿ ರಾತ್ರಿ ಆ ದಿನ ಬಿಟ್ಟವರನ್ನಷ್ಟೇ ಅಲ್ಲ, ಇಡೀ ಪಟ್ಟಿಯನ್ನೂ ನೋಡುತ್ತದೆ. ಹಾಗಾಗಿ ಸೆಪ್ಟೆಂಬರ್ 16ರ ಚೆಕ್ ಹಿಂದಿನ ಎರಡು ದಿನದ್ದನ್ನೂ ಹಿಡಿಯುತ್ತದೆ. ಉಳಿಯುವ ಪ್ರಶ್ನೆ ತಡದ್ದು ಮಾತ್ರ: ಆ ನಡುವೆ ಯಾರಾದರೂ ಕೆಲಸ ಬಿಟ್ಟರಾ? ಎಚ್‌ಆರ್ ಪಟ್ಟಿಯಿಂದ ಸೆಪ್ಟೆಂಬರ್ 13ರಿಂದ 16ರವರೆಗೆ ಮತ್ತು ಡಿಸೆಂಬರ್ 1ರಿಂದ 3ರವರೆಗೆ ಬಿಟ್ಟವರನ್ನು ತೆಗೆದು ನೋಡಿದರೆ ಯಾರೂ ಇಲ್ಲ. ಆ ಪಟ್ಟಿಯನ್ನೇ ಜೊತೆಗೆ ಲಗತ್ತಿಸಿ. ವರದಿಯ ಪರೀಕ್ಷಾ ಫಲಿತಾಂಶದಲ್ಲಿ ಈ ಲೋಪ ದಾಖಲಾಗಬಹುದು, ಅದರಿಂದಲೇ ಆಡಿಟರ್‌ನ ಒಟ್ಟು ಅಭಿಪ್ರಾಯ ಕೆಡಬೇಕು ಅಂತೇನೂ ಇಲ್ಲ.

ಚೆಕ್ ಓಡಿದೆ, ಎಕ್ಸಿಟ್ ಕೋಡ್ 0, ಎಕ್ಸೆಪ್ಶನ್ 0. ಆದರೂ ಆಡಿಟರ್ ಒಪ್ಪುತ್ತಿಲ್ಲ. ಯಾಕೆ?

ಅದೇ ವರ್ಷದ ಲೆಕ್ಕದಲ್ಲಿ 365ಕ್ಕೆ 361 ದಾಖಲೆ ಇದ್ದವು. ಅದರಲ್ಲಿ 2025ರ ಜನವರಿ 20 ಮತ್ತು 21ರಂದು `hr_rows` ಜಾಗದಲ್ಲಿ 0 ಇತ್ತು. ಮಿಕ್ಕ ದಿನ 400ರ ಆಸುಪಾಸು. ಎಚ್‌ಆರ್ ಸಾಫ್ಟ್‌ವೇರ್‌ನ ಟೋಕನ್ ಅವಧಿ ಮುಗಿದು, ತಲೆಬರಹದ ಸಾಲು ಮಾತ್ರ ಇರುವ ಫೈಲ್ ಬಂದಿತ್ತು. ಬಿಟ್ಟವರು ಯಾರೂ ಇಲ್ಲದ ಪಟ್ಟಿಯನ್ನು ಹಿಡಿದು ಸ್ಕ್ರಿಪ್ಟ್ ಸಂತೋಷದಿಂದ "ಎಕ್ಸೆಪ್ಶನ್ 0" ಅಂತ ಬರೆದಿತ್ತು.

ನನ್ನ ಮಟ್ಟಿಗೆ ಇದು ಆ ನಾಲ್ಕು ಖಾಲಿ ದಿನಗಳಿಗಿಂತ ಕೆಟ್ಟದ್ದು. ಖಾಲಿ ಸಾಲು ಕಣ್ಣಿಗೆ ಬೀಳುತ್ತದೆ, ಇದು ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ. ಹಾಗಾಗಿ ನಿಜವಾಗಿ ಕೆಲಸ ಮಾಡಿದ ದಿನ 359. ಪರಿಣಾಮ ನೋಡಿದರೆ ಒಬ್ಬರು ಜನವರಿ 20ರ ಸಂಜೆ ಕೆಲಸ ಬಿಟ್ಟಿದ್ದರು. 21ರ ಬೆಳಗಿನ ಜಾವ ಸಿಗಬೇಕಿದ್ದ ಅವರ ಲಾಗಿನ್ 22ಕ್ಕೆ ಸಿಕ್ಕಿತು, ಅಂದು ಬೆಳಿಗ್ಗೆ 10.40ಕ್ಕೆ ಮುಚ್ಚಿದರು. ಲಾಗಿನ್ ಇತಿಹಾಸದಲ್ಲಿ ಅವರ ಕೊನೆಯ ಬಳಕೆ 20ರ ಸಂಜೆ 5.50, ಅಂದರೆ ಬಿಡುವ ಮುಂಚಿನದೇ. ಆ ಒಂದು ಸಾಲು ನಮ್ಮನ್ನು ಉಳಿಸುತ್ತದೆ.

ಸರಿಪಡಿಸಲು ಎರಡು ಕೆಲಸ. ಎಚ್‌ಆರ್ ಸಾಲುಗಳ ಸಂಖ್ಯೆ ಹಿಂದಿನ ದಿನದ ಶೇ. 90ಕ್ಕಿಂತ ಕಡಿಮೆ ಬಂದರೆ ಸ್ಕ್ರಿಪ್ಟ್ ಫೇಲ್ ಆಗಬೇಕು. ಇನ್ನೊಂದು, ಹೋಲಿಸುವ ದಿಕ್ಕನ್ನೇ ತಿರುಗಿಸಿ. ಬಿಟ್ಟವರ ಪಟ್ಟಿ ಹಿಡಿದು ಲಾಗಿನ್ ಹುಡುಕುವ ಬದಲು, ಪ್ರತಿ ಲಾಗಿನ್ ಹಿಡಿದು ಅದರ ಮಾಲೀಕರು ಈಗ ಕೆಲಸದಲ್ಲಿದ್ದಾರಾ ಅಂತ ಎಚ್‌ಆರ್ ಪಟ್ಟಿಯಲ್ಲಿ ಹುಡುಕಿ. ಆಗ ಪಟ್ಟಿ ಖಾಲಿ ಬಂದರೆ 268 ಲಾಗಿನ್‌ಗಳೂ ಎಕ್ಸೆಪ್ಶನ್ ಆಗಿ ಗಲಾಟೆ ಎಬ್ಬಿಸುತ್ತವೆ. ಯಾರ ಕಿವಿಗಾದರೂ ಬಿದ್ದೇ ಬೀಳುತ್ತದೆ.

ತಪ್ಪಿದ ದಿನದ ಚೆಕ್ ಈಗ ಓಡಿಸಿ ಸೇರಿಸಬಹುದಾ?

ಓಡಿಸಬಹುದು, ಆದರೆ ಹಳೆಯ ತಾರೀಖು ಹಾಕಬಾರದು. `due_at` ಹಳೆಯದೇ ಇರಲಿ, `started_at` ಇವತ್ತಿನದಾಗಿರಲಿ. ತಡವಾಗಿ ಓಡಿಸಿದ್ದು ಅಂತ ಓದಿದವರಿಗೆ ಗೊತ್ತಾಗಬೇಕು. ಇದು ಪರಿಣಾಮ ಏನಿತ್ತು ಅಂತ ತಿಳಿಯಲು ಉಪಯೋಗ, ಅವತ್ತು ಕಂಟ್ರೋಲ್ ಓಡಿತ್ತು ಅನ್ನಲು ಅಲ್ಲ. ಇವತ್ತಿನ ಎಚ್‌ಆರ್ ಪಟ್ಟಿ ಅವತ್ತಿನದಲ್ಲ ಅನ್ನುವುದೂ ನೆನಪಿರಲಿ.

ಓಡದೇ ಇದ್ದದ್ದು ಆಡಿಟ್‌ವರೆಗೆ ಕಾಯದೆ ಅವತ್ತೇ ಗೊತ್ತಾಗಬೇಕು. ಹೇಗೆ?

ಸ್ಕ್ರಿಪ್ಟ್ ಸತ್ತಿದೆ ಅಂತ ಸ್ಕ್ರಿಪ್ಟೇ ಹೇಳಲಾರದು. ಬೇರೆ ಮೆಷಿನ್ ಕೇಳಬೇಕು. ಚೆಕ್ ಸರಿಯಾಗಿ ಮುಗಿದಾಗ ಮಾತ್ರ ಬೇರೆ ಕಡೆಗೊಂದು ಸಂದೇಶ ಕಳಿಸಲಿ. ಆ ಕಡೆಯವರು 3.15ರವರೆಗೆ ಕಾದು, ಬರದಿದ್ದರೆ ಎಚ್ಚರಿಸಲಿ. ಸೆಪ್ಟೆಂಬರ್‌ನಲ್ಲಿ ಇದಿದ್ದರೆ ಶನಿವಾರ ಬೆಳಗಿನ ಜಾವವೇ ಫೋನ್ ಕೂಗುತ್ತಿತ್ತು.

ಹಾಗಾದರೆ ಆ ಕಾಯುವ ಮೆಷಿನ್ ಸತ್ತರೆ? ಎಲ್ಲೋ ಒಂದು ಕಡೆ ಮನುಷ್ಯರ ಕಣ್ಣು ಬೇಕೇ ಬೇಕು. ನಾವು ಪ್ರತಿ ಸೋಮವಾರ ಮೇಲಿನ ಕ್ವೆರಿಯನ್ನು ಹಿಂದಿನ ಏಳು ದಿನಕ್ಕೆ ಓಡಿಸಿ, ನೋಡಿದವರು ಟಿಕೆಟ್‌ನಲ್ಲಿ ಒಂದು ಸಾಲು ಬರೆಯುತ್ತೇವೆ. ಐದು ನಿಮಿಷದ ಕೆಲಸ. ಖಾಲಿ ದಿನ ಸಿಕ್ಕರೆ ಕಾರಣ ಇನ್ನೂ ಬಿಸಿಯಾಗಿರುತ್ತದೆ. ಆರು ತಿಂಗಳ ನಂತರ ಡಿಸ್ಕ್ ಯಾರು ಬದಲಿಸಿದರು ಅಂತ ಯಾರಿಗೂ ನೆನಪಿರುವುದಿಲ್ಲ.

## ಆಡಿಟರ್ ಎದುರು ಕೂತಾಗ

ಒಬ್ಬ ಆಡಿಟರ್ ಒಂದೇ ಸ್ಯಾಂಪಲ್ ಕೇಳಿದರು, ಇನ್ನೊಬ್ಬರು 25 ಕೇಳಿದರು. ಯಾರು ಸರಿ?

ಇಬ್ಬರೂ ಸರಿ ಇರಬಹುದು. ಮನುಷ್ಯರು ದಿನಾ ಮಾಡುವ ಕೆಲಸಕ್ಕೆ ಸುಮಾರು 25, ವಾರಕ್ಕೊಮ್ಮೆ ಮಾಡುವುದಕ್ಕೆ 5, ತಿಂಗಳಿಗೊಮ್ಮೆಯದಕ್ಕೆ 2 ಅನ್ನುವ ರೂಢಿ ಬಹಳ ಸಂಸ್ಥೆಗಳಲ್ಲಿದೆ. ಮೆಷಿನ್ ಮಾಡುವ ಕೆಲಸಕ್ಕೆ ಒಂದನ್ನು ನೋಡಿದರೆ ಸಾಕು ಅನ್ನುವ ವಾದವೂ ಇದೆ, ಏಕೆಂದರೆ ಅದೇ ಕೋಡ್ ಅದೇ ಥರ ವರ್ತಿಸುತ್ತದೆ. ಆದರೆ ಆ ವಾದ ನಿಲ್ಲಬೇಕಾದರೆ ಕೋಡ್ ಅನುಮತಿ ಇಲ್ಲದೆ ಬದಲಾಗಿಲ್ಲ, ವೇಳಾಪಟ್ಟಿಯನ್ನು ಯಾರು ಬೇಕಾದರೂ ಮುಟ್ಟುವ ಹಾಗಿಲ್ಲ ಅನ್ನುವುದು ಸಾಬೀತಾಗಬೇಕು.

ಅದಕ್ಕೆ ಕ್ರಾನ್ ಸಾಲನ್ನೂ ಗಿಟ್‌ನಲ್ಲೇ ಇಡಿ. ಸರ್ವರ್‌ನಲ್ಲಿ ಕೈಯಿಂದ `crontab -e` ಮಾಡಿ ಬದಲಿಸುವ ಪದ್ಧತಿ ಇದ್ದರೆ, ಒಂದೇ ಸ್ಯಾಂಪಲ್ ಸಾಕು ಅಂತ ಕೇಳುವ ಧೈರ್ಯ ಬೇಡ. 25ಕ್ಕೇ ತಯಾರಾಗಿ. ದಾಖಲೆಗಳು ಮೇಲಿನ ರೀತಿ ಇದ್ದರೆ 25 ಆದರೇನು, 365ನ್ನೂ ಕೊಡಬಹುದು.

ಸ್ಕ್ರೀನ್‌ಶಾಟ್ ಕಳಿಸಿದರೆ ಬೇಡ ಅಂತಾರೆ. ಮತ್ತೆ ಹೇಗೆ ಕೊಡೋದು?

ಸ್ಕ್ರೀನ್‌ಶಾಟ್ ತಪ್ಪಲ್ಲ, ಆದರೆ ಯಾವ ಸರ್ವರ್, ಯಾವ ಹೊತ್ತು, ಯಾವ ಫಿಲ್ಟರ್ ಹಾಕಿ ತೆಗೆದದ್ದು ಅಂತ ಅದರಲ್ಲಿ ಕಾಣುವುದು ಕಡಿಮೆ. ಒಳ್ಳೆಯ ದಾರಿ ಅಂದರೆ ಸ್ಕ್ರೀನ್ ಹಂಚಿಕೊಂಡು ಅವರ ಕಣ್ಣೆದುರೇ ಕ್ವೆರಿ ಓಡಿಸುವುದು. ನಮ್ಮಲ್ಲಿ ಹೋದ ಸಲ ಹೀಗೇ ಆಯಿತು. ಮೊದಲು `date` ಅಂತ ಟೈಪ್ ಮಾಡಿ ಆ ಹೊತ್ತಿನ ಸಮಯ ತೋರಿಸಿದೆವು. ಆಮೇಲೆ ಕ್ವೆರಿ, ಕೆಳಗೆ `(365 rows)`. ಆಡಿಟರ್ ಮೇಡಂ ತಮ್ಮ ಪಟ್ಟಿಯಿಂದ ತಾರೀಖು ಓದುತ್ತಾ ಹೋದರು, ನಾವು ಒಂದೊಂದಾಗಿ ಫೈಲ್ ತೆರೆಯುತ್ತಾ ಹೋದೆವು. ಸೆಪ್ಟೆಂಬರ್ 14 ಅಂದಾಗ ನಮ್ಮ ಹುಡುಗ ಒಂದು ಕ್ಷಣ ನನ್ನ ಮುಖ ನೋಡಿದ. "ಆ ದಿನ ಓಡಿಲ್ಲ ಮೇಡಂ, ವಿವರಣೆ ಮೂರನೇ ಫೋಲ್ಡರಿನಲ್ಲಿದೆ" ಅಂದೆ. ಅವರು ಅದನ್ನು ತೆರೆದು ಓದಿಕೊಂಡರು, ಏನೋ ಬರೆದುಕೊಂಡರು, ಮುಂದಿನ ತಾರೀಖು ಹೇಳಿದರು.